ಅಡಿಕೆ ಮದ್ದಿನ ವಿಡಿಯೊಗೆ ಕನ್ನಡ, ಹಿಂದಿ ಸಬ್‌ಟೈಟಲ್ ಒಟ್ಟಿಗೆ ಕೂರಿಸಿದ ದಿನಚರಿ

ಮುಂಗಾರು ಹಿಡಿಯುವ ಮೊದಲು ಅಡಿಕೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ನೀರು ಸೇರಿಸಿ ಮಾಡುವ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನಮ್ಮ ಪುತ್ತೂರಿನ ಕಡೆ ಇದನ್ನು ಮದ್ದು ಬಿಡುವುದು ಎನ್ನುತ್ತಾರೆ. ಮದ್ದು ಕೂಡಿಸುವ ಕ್ರಮ ತಪ್ಪಿದರೆ ಕೊಳೆರೋಗ ನಿಲ್ಲುವುದಿಲ್ಲ. ನಲವತ್ತು ವರ್ಷದಿಂದ ಮದ್ದು ಕೂಡಿಸುತ್ತಿರುವ ದೊಡ್ಡಪ್ಪ ಅದನ್ನು ಮಾಡಿ ತೋರಿಸುತ್ತಾ ವಿವರಿಸುವುದನ್ನು ಕಳೆದ ವರ್ಷ ಚಿತ್ರೀಕರಿಸಿದ್ದೆ. ವಿಡಿಯೊ 6 ನಿಮಿಷ 40 ಸೆಕೆಂಡಿನದು. ಅವರು ಮಾತನಾಡುವುದು ತುಳುವಿನಲ್ಲಿ. ನೋಡಬೇಕಾದವರು ಎರಡು ಬಗೆಯವರು: ಘಟ್ಟದ ಮೇಲಿನ ನಮ್ಮ ನೆಂಟರು, ಅವರಿಗೆ ಕನ್ನಡ ಬೇಕು, ತೋಟದಲ್ಲಿ ನಿಜವಾಗಿ ಮದ್ದು ಕೂಡಿಸುವ ಜಾರ್ಖಂಡಿನ ನಾಲ್ವರು ಕೆಲಸಗಾರರು, ಅವರಿಗೆ ಹಿಂದಿ ಬೇಕು.

ಯೂಟ್ಯೂಬಿನಲ್ಲಿ ಹಾಕಿ ಎರಡು ಭಾಷೆಯ ಸಬ್‌ಟೈಟಲ್ ಕಡತ ಸೇರಿಸಿದರೆ ನೋಡುವವರೇ ತಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಆದರೆ ನಮ್ಮ ತೋಟದಲ್ಲಿ ಇಂಟರ್ನೆಟ್ ಸಿಗುವುದು ಮನೆಯ ಅಂಗಳದಲ್ಲಿ ಮಾತ್ರ. ವಿಡಿಯೊ ಓಡಾಡುವುದು ವಾಟ್ಸ್‌ಆ್ಯಪಿನಲ್ಲಿ, ಒಂದು ಫೋನಿನಿಂದ ಇನ್ನೊಂದಕ್ಕೆ. ಅಲ್ಲಿ ಭಾಷೆ ಆರಿಸುವ ಗುಂಡಿ ಇಲ್ಲ. ಎರಡು ಬೇರೆ ವಿಡಿಯೊ ಮಾಡಿದರೆ ಒಂದು ವಾರದಲ್ಲಿ ಯಾವುದು ಯಾರಿಗೆ ಹೋಯಿತು ಎಂಬುದೇ ತಿಳಿಯದಂತಾಗುತ್ತದೆ. ಅದಲ್ಲದೆ ತೋಟದ ಯಜಮಾನ ಮತ್ತು ಕೆಲಸಗಾರ ಒಂದೇ ಫೋನಿನಲ್ಲಿ, ಅಕ್ಕಪಕ್ಕ ನಿಂತು ನೋಡಬೇಕು ಎಂಬುದೇ ನನ್ನ ಆಸೆಯಾಗಿತ್ತು. ಆದ್ದರಿಂದ ಎರಡೂ ಭಾಷೆಯನ್ನು ಚಿತ್ರದೊಳಗೇ ಅಚ್ಚೊತ್ತುವುದು ಎಂದು ತೀರ್ಮಾನಿಸಿದೆ.

ಸಲಕರಣೆ ಇಷ್ಟು: ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್, ಸಾಲುಗಳಿಗೆ ಸಮಯ ಕೂಡಿಸಲು Aegisub, ಅಚ್ಚೊತ್ತಲು ffmpeg, ಅಕ್ಷರಗಳಿಗೆ Noto Sans Kannada ಮತ್ತು Noto Sans Devanagari. ಎಲ್ಲವೂ ಉಚಿತ. ಹಿಂದಿ ಅನುವಾದ ತಿದ್ದಿಕೊಟ್ಟ ನಿವೃತ್ತ ಶಿಕ್ಷಕರಿಗೆ 600 ರೂಪಾಯಿ ಕೊಟ್ಟೆ. ಖರ್ಚು ಅಷ್ಟೇ.

ಮೇ 3: ಮೊದಲ ಪ್ರಯತ್ನ, ಚಿತ್ರದ ಮೂರನೇ ಒಂದು ಭಾಗ ಮಾಯ

ಮೊದಲು ಮೊಬೈಲಿನ ಒಂದು ಸಂಕಲನ ಆ್ಯಪಿನಲ್ಲೇ ಮುಗಿಸಲು ಹೋದೆ. ಅದು ಒತ್ತಕ್ಷರಗಳನ್ನು ಬಿಡಿಸಿ ಹಾಕಿತು. ‘ಸುಣ್ಣ’ ಎಂಬ ಪದದ ಣ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಬಂದು ನಿಂತಿತು. ಅರ್ಧ ಗಂಟೆಯಲ್ಲೇ ಅದನ್ನು ಬಿಟ್ಟು ಲ್ಯಾಪ್‌ಟಾಪಿಗೆ ಬಂದೆ. ffmpeg ಅಕ್ಷರ ಬರೆಯಲು ಬಳಸುವ libass ಒತ್ತಕ್ಷರಗಳನ್ನು ಸರಿಯಾಗಿಯೇ ಜೋಡಿಸಿತು.

ದೊಡ್ಡಪ್ಪನ ಮಾತನ್ನು 74 ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ಕನ್ನಡ ಎರಡು ಸಾಲು, ಹಿಂದಿ ಎರಡು ಸಾಲು ಬರೆದೆ. ಚಿತ್ರ 1920×1080ರದು. ಫೋನನ್ನು ನೆಟ್ಟಗೆ ಹಿಡಿದಾಗ ಚಿತ್ರದ ಅಗಲ ಸುಮಾರು 6.8 ಸೆಂ.ಮೀ. ಮಾತ್ರ ಇರುವುದರಿಂದ ಅಕ್ಷರ ದೊಡ್ಡದೇ ಬೇಕಾಯಿತು. ಕನ್ನಡಕ್ಕೆ 84, ಹಿಂದಿಗೆ 72 ಕೊಟ್ಟೆ. ಅಚ್ಚೊತ್ತಿ ನೋಡಿದರೆ ನಾಲ್ಕು ಸಾಲಿಗೆ 312 ಪಿಕ್ಸೆಲ್, ಕೆಳಗಿನ ಅಂಚು 60 ಪಿಕ್ಸೆಲ್, ಒಟ್ಟು 372. ಅಂದರೆ 1080 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಕ್ಷರದ ಅಡಿಯಲ್ಲಿ ಹೋಯಿತು.

ಮುಚ್ಚಿಹೋದದ್ದು ಯಾವುದು ಎಂಬುದು ಇನ್ನೂ ಮುಖ್ಯ. ಮದ್ದು ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಕಂದು ಬಣ್ಣ ಕೂತರೆ ತುತ್ತಿನ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ; ಹಾಗೆಯೇ ಸಿಂಪಡಿಸಿದರೆ ಎಳೆಕಾಯಿ ಸುಡುತ್ತದೆ. ಆ ದೃಶ್ಯದಲ್ಲಿ ಡ್ರಮ್ಮಿನ ಬಾಯಿ, ದೊಡ್ಡಪ್ಪನ ಕೈ, ಕತ್ತಿಯ ಅಲಗು ಮೂರೂ ಇರುವುದು ಚಿತ್ರದ ಕೆಳಭಾಗದಲ್ಲಿ. ನನ್ನ ನಾಲ್ಕು ಸಾಲು ಅಲಗಿನ ಮೇಲೆಯೇ ಕೂತಿತ್ತು. ಕೈಕೆಲಸದ ಯಾವ ವಿಡಿಯೊದಲ್ಲಾದರೂ ಕೈಗಳು ಕೆಳಗೇ ಇರುತ್ತವೆ, ಸಬ್‌ಟೈಟಲ್ ಕೂಡ ಅಲ್ಲೇ ಬರುತ್ತದೆ. ನಾನು ಇದನ್ನು ಚಿತ್ರೀಕರಿಸುವಾಗಲೇ ಯೋಚಿಸಿ, ಚೌಕಟ್ಟಿನ ಕೆಳಗೆ ಜಾಗ ಬಿಡಬೇಕಿತ್ತು.

ಮೇ 5: ಮೇಲಿರಬೇಕಾದದ್ದು ಯಾವುದು, ಕೆಳಗಿರಬೇಕಾದದ್ದು ಯಾವುದು

ತೋಟದ ಯಜಮಾನರು ಕನ್ನಡದವರಲ್ಲವೇ ಎಂದುಕೊಂಡು ಕನ್ನಡವನ್ನು ಮೇಲೆ, ಹಿಂದಿಯನ್ನು ಕೆಳಗೆ ಇಟ್ಟಿದ್ದೆ. ಇದು ತಪ್ಪು ಎಂದು ಅಕ್ಷರಗಳೇ ಹೇಳಿದವು. ಕನ್ನಡದ ಒತ್ತುಗಳು ಸಾಲಿನಿಂದ ಕೆಳಕ್ಕೆ ಇಳಿಬೀಳುತ್ತವೆ. ದೇವನಾಗರಿಯ ಮಾತ್ರೆಗಳು ತಲೆಗೆರೆಯ ಮೇಲಕ್ಕೆ ಏಳುತ್ತವೆ. ಕನ್ನಡ ಮೇಲಿದ್ದು ಹಿಂದಿ ಕೆಳಗಿದ್ದರೆ ಎರಡೂ ನಡುವಿನ ಖಾಲಿ ಜಾಗಕ್ಕೇ ಕೈಚಾಚುತ್ತವೆ. ‘ಸುಣ್ಣಕ್ಕೆ’ ಎಂಬಲ್ಲಿನ ಕ ಒತ್ತು ಹಿಂದಿಯ ಏತ್ವದ ಗೆರೆಗೆ ತಾಗಿ, ಚಿಕ್ಕ ಪರದೆಯಲ್ಲಿ ಯಾವುದು ಯಾರದು ಎಂದು ಕಾಣದಾಯಿತು. ಬಿಡಿಸಬೇಕೆಂದರೆ ನಡುವೆ 30 ಪಿಕ್ಸೆಲ್ ಹೆಚ್ಚು ಬಿಡಬೇಕು, ಜಾಗವೇ ಇಲ್ಲದಲ್ಲಿ ಅದು ದುಬಾರಿ.

ಕ್ರಮವನ್ನು ತಿರುಗಿಸಿದೆ. ಹಿಂದಿ ಮೇಲೆ, ಕನ್ನಡ ಕೆಳಗೆ. ಈಗ ಹಿಂದಿಯ ಮಾತ್ರೆಗಳು ಮೇಲಿನ ಖಾಲಿಗೆ ಏಳುತ್ತವೆ, ಕನ್ನಡದ ಒತ್ತುಗಳು ಕೆಳಗಿನ ಖಾಲಿಗೆ ಇಳಿಯುತ್ತವೆ. ನಡುವೆ ಬರುವುದು ಹಿಂದಿಯ ಚಿಕ್ಕ ಉಕಾರ ಮತ್ತು ಕನ್ನಡದ ತಲೆಕಟ್ಟು ಮಾತ್ರ. ಅದೇ ಅಳತೆಯ ಅಕ್ಷರ, ಅದೇ ಜಾಗ, ಆದರೆ ಎರಡು ಸಾಲುಗಳು ದೂರ ಸರಿದು ಕುಳಿತಂತೆ ಕಂಡವು.

ಅಕ್ಷರದ ಅಳತೆಯ ಬಗ್ಗೆಯೂ ಒಂದು ಮಾತು. ಮೊದಲು ಎರಡಕ್ಕೂ 72 ಎಂದೇ ಕೊಟ್ಟಿದ್ದೆ, ಕನ್ನಡ ಕಣ್ಣಿಗೆ ಚಿಕ್ಕದಾಗಿ ಕಂಡಿತು. Aegisub ಉಳಿಸುವ .ass ಕಡತದಲ್ಲಿ Fontsize ಎಂದರೆ ಅಕ್ಷರದ ಎತ್ತರವಲ್ಲ. ಮೇಲಿನ ಮಾತ್ರೆಯಿಂದ ಕೆಳಗಿನ ಒತ್ತಿನವರೆಗೆ ಆ ಫಾಂಟು ಕಾದಿರಿಸಿಕೊಂಡ ಇಡೀ ಸಾಲಿನ ಎತ್ತರ. ಹೆಚ್ಚು ಜಾಗ ಕಾದಿರಿಸಿಕೊಂಡ ಫಾಂಟಿನ ಅಕ್ಷರ ಅದೇ ಸಂಖ್ಯೆಗೆ ಚಿಕ್ಕದಾಗಿಯೇ ಬರುತ್ತದೆ. ಆದ್ದರಿಂದ ಸಂಖ್ಯೆಯನ್ನು ನಂಬದೆ, ಅಚ್ಚಾದ ಚಿತ್ರವನ್ನು ಹಿಗ್ಗಿಸಿ ಕನ್ನಡದ ‘ಗ’ ಮತ್ತು ಹಿಂದಿಯ ‘ಗ’ ಎರಡನ್ನೂ ಅಳೆದೆ. 84ಕ್ಕೆ 72 ಎಂಬ ಲೆಕ್ಕ ಬಂದದ್ದು ಹೀಗೆ. ಬೇರೆ ಫಾಂಟು ಬಳಸುವವರು ಮತ್ತೆ ಅಳೆಯಲೇಬೇಕು.

ಮೇ 6: ಸಾಲುಗಳು ಜಾಗ ಬದಲಿಸಿಕೊಂಡವು

ಪೂರ್ತಿ ವಿಡಿಯೊ ಓಡಿಸಿ ನೋಡಿದಾಗ ಕೆಲವು ಕಡೆ ಹಿಂದಿ ಕೆಳಕ್ಕೆ ಬಂದು ಕನ್ನಡ ಮೇಲಕ್ಕೆ ಹೋಗಿತ್ತು. ಅರ್ಧ ದಿನ ಕಾರಣ ಹುಡುಕಿದೆ. ಎರಡು ಭಾಷೆಯ ಸಾಲುಗಳಿಗೂ ಒಂದೇ ಅಂಚಿನ ಅಳತೆ ಕೊಟ್ಟು, ಮೇಲೆ ಕೆಳಗೆ ಜೋಡಿಸುವುದನ್ನು ತಂತ್ರಾಂಶಕ್ಕೇ ಬಿಟ್ಟಿದ್ದೆ. ಅದು ಮೊದಲು ಕಾಣಿಸಿಕೊಂಡ ಸಾಲನ್ನು ತಳಕ್ಕೆ ಇಟ್ಟು, ನಂತರ ಬಂದುದನ್ನು ಡಿಕ್ಕಿಯಾಗದಂತೆ ಮೇಲಕ್ಕೆ ತಳ್ಳುತ್ತದೆ. ಎಲ್ಲಿ ಹಿಂದಿಯ ಆರಂಭದ ಸಮಯ ಕನ್ನಡಕ್ಕಿಂತ ಸೆಕೆಂಡಿನ ಹತ್ತನೇ ಒಂದು ಭಾಗ ಮುಂಚೆ ಇತ್ತೋ ಅಲ್ಲೆಲ್ಲ ಹಿಂದಿ ತಳ ಹಿಡಿದಿತ್ತು.

ಎರಡು ತಿದ್ದುಪಡಿ ಮಾಡಿದೆ. ಪ್ರತಿ ಭಾಷೆಗೂ ತನ್ನದೇ ಶೈಲಿ, ತನ್ನದೇ MarginV ಎಂಬ ಅಂಚಿನ ಅಳತೆ, ತನ್ನದೇ Layer ಎಂಬ ಪದರದ ಸಂಖ್ಯೆ ಕೊಟ್ಟೆ. ಬೇರೆ ಬೇರೆ ಪದರದ ಸಾಲುಗಳು ಒಂದನ್ನೊಂದು ತಳ್ಳುವುದಿಲ್ಲ. ಜೊತೆಗೆ ಕನ್ನಡದ ಸಮಯವನ್ನೇ ಹಿಂದಿಗೆ ನಕಲು ಮಾಡಿ, ಎರಡೂ ಒಂದೇ ಕ್ಷಣದಲ್ಲಿ ಬಂದು ಒಂದೇ ಕ್ಷಣದಲ್ಲಿ ಹೋಗುವಂತೆ ಮಾಡಿದೆ. ಪಕ್ಕದ ಸಾಲು ಮಿಟುಕಿದರೆ ಓದುವವನ ಕಣ್ಣು ಅಲ್ಲಿಗೆ ಹೋಗಿಬಿಡುತ್ತದೆ. ಕನ್ನಡ ಮತ್ತು ಹಿಂದಿ ಎರಡರಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ ಒಂದೇ ಜಾಗದಲ್ಲಿ ಮಾತನ್ನು ತುಂಡರಿಸಲು ತೊಂದರೆಯಾಗಲಿಲ್ಲ.

ಅದೇ ದಿನ ಬಣ್ಣದಲ್ಲೂ ಎಡವಿದೆ. ಹಿಂದಿಗೆ ತಿಳಿ ಹಳದಿ, ಕನ್ನಡಕ್ಕೆ ಬಿಳಿ ಎಂದುಕೊಂಡು FFD966 ಎಂಬ ಹಳದಿಯ ಸಂಖ್ಯೆಯನ್ನು ಹಾಗೆಯೇ ಬರೆದೆ. ಈ ಕಡತದಲ್ಲಿ ಬಣ್ಣ ಬರೆಯುವುದು ತಿರುಗುಮುರುಗಾಗಿ: ಮೊದಲು ನೀಲಿ, ಆಮೇಲೆ ಹಸಿರು, ಕೊನೆಗೆ ಕೆಂಪು. ಬಂದದ್ದು ತಿಳಿ ನೀಲಿ. ಮೈಲುತುತ್ತಿನ ನೀಲಿ ನೀರಿನ ಮೇಲೆ ತಿಳಿ ನೀಲಿ ಅಕ್ಷರ ಬಿದ್ದು ಹಿಂದಿ ಸಾಲು ಕರಗಿಯೇ ಹೋಗಿತ್ತು. 66D9FF ಎಂದು ತಿರುಗಿಸಿ ಬರೆದ ಮೇಲೆ ಸರಿಹೋಯಿತು.

ಮೇ 8ರಿಂದ 12: ಮಾತನ್ನು ಕತ್ತರಿಸಿದ್ದು

ಐದು ದಿನ ಹಿಡಿದದ್ದು ಇದೇ. ಎರಡು ಭಾಷೆ ಇಟ್ಟಾಗ ಪರದೆ ತುಂಬುವುದಕ್ಕೆ ಅಕ್ಷರದ ಗಾತ್ರಕ್ಕಿಂತ ಮಾತಿನ ಉದ್ದವೇ ಹೆಚ್ಚು ಕಾರಣ. ದೊಡ್ಡಪ್ಪ ಹೇಳಿದ ಒಂದು ಮಾತನ್ನು ಮೊದಲು ಹೀಗೆ ಅನುವಾದಿಸಿದ್ದೆ: ‘ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಮರದ ಕೋಲಿನಿಂದ ಕಲಕುತ್ತಲೇ ಇರಬೇಕು.’ 39 ಅಕ್ಷರ. ಅವರು ಅದನ್ನು ಹೇಳಲು ತೆಗೆದುಕೊಂಡದ್ದು 6 ಸೆಕೆಂಡು.

ಓದಲು ಎಷ್ಟು ಹೊತ್ತು ಬೇಕು ಎಂದು ತಿಳಿಯಲು ಕೆಲಸಗಾರರಲ್ಲಿ ಒಬ್ಬ ಹುಡುಗನನ್ನು ಕೇಳಿಕೊಂಡೆ. ಅವನ ಮನೆಮಾತು ಹಿಂದಿಯಲ್ಲ. ಶಾಲೆಯಲ್ಲಿ ಐದನೆಯವರೆಗೆ ಕಲಿತ ಹಿಂದಿ. ಹತ್ತು ಸಾಲು ತೋರಿಸಿ ಸಮಯ ಅಳೆದೆ. ಸೆಕೆಂಡಿಗೆ ಸುಮಾರು ನಾಲ್ಕು ಅಕ್ಷರ. ಅವನಿಗೆ ಸಾಕಾಗುವಷ್ಟು ಹೊತ್ತು ಇದ್ದರೆ ಉಳಿದವರಿಗೂ ಸಾಕು ಎಂದು ಅದನ್ನೇ ಮಿತಿಯಾಗಿ ಇಟ್ಟುಕೊಂಡೆ. ಆ ಲೆಕ್ಕದಲ್ಲಿ 6 ಸೆಕೆಂಡಿಗೆ 24 ಅಕ್ಷರ ದಾಟಬಾರದು.

ಅಕ್ಷರ ಎಣಿಸುವುದರಲ್ಲೂ ಒಂದು ತೊಡಕಿತ್ತು. Aegisub ತೋರಿಸುವ ಸೆಕೆಂಡಿಗೆ ಇಷ್ಟು ಎಂಬ ಸಂಖ್ಯೆಯನ್ನು ನಂಬಿ ಮೊದಲ ದಿನ ಹಾಳು ಮಾಡಿಕೊಂಡೆ. ಅದು ನಮ್ಮ ಅಕ್ಷರವನ್ನು ಎಣಿಸುವುದಿಲ್ಲ, ಒತ್ತಕ್ಷರಗಳನ್ನು ಬಿಡಿಸಿ ಎಣಿಸುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ, ಅದಕ್ಕೆ ಒಂದಕ್ಕಿಂತ ಹೆಚ್ಚು. ‘ತುತ್ತು’ ನಮಗೆ ಎರಡು, ಅದಕ್ಕೆ ಎರಡಕ್ಕಿಂತ ಹೆಚ್ಚು. ಒತ್ತಕ್ಷರ ಹೆಚ್ಚಿರುವ ಕನ್ನಡ ಸಾಲುಗಳೆಲ್ಲ ಕೆಂಪಾಗಿ ಕಂಡು, ಕತ್ತರಿಸಬೇಕಿಲ್ಲದವನ್ನೂ ಕತ್ತರಿಸಿದ್ದೆ. ಕೊನೆಗೆ ಪೈಥಾನಿನಲ್ಲಿ ನಾಲ್ಕು ಸಾಲು ಬರೆದುಕೊಂಡೆ:

```python
import re
PAT = re.compile("(?<![\u0ccd\u094d])[\u0c85-\u0cb9\u0905-\u0939\u0958-\u095f]")
def akshara(s):
    return len(PAT.findall(s))
```

ಅರ್ಧಾಕ್ಷರದ ಚಿಹ್ನೆಯ ನಂತರವೇ ಬರುವ ವ್ಯಂಜನವನ್ನು ಇದು ಒತ್ತು ಎಂದು ಬಿಟ್ಟುಬಿಡುತ್ತದೆ, ಉಳಿದ ಸ್ವರ ವ್ಯಂಜನಗಳನ್ನು ಎಣಿಸುತ್ತದೆ. ಕನ್ನಡಕ್ಕೂ ಹಿಂದಿಗೂ ಒಂದೇ ಅಳತೆಗೋಲು ಸಿಕ್ಕಿತು.

ಇನ್ನು ಕತ್ತರಿಸುವುದು. ಕೋಲು ಮರದ್ದು ಎಂಬುದು ಚಿತ್ರದಲ್ಲೇ ಕಾಣುತ್ತದೆ, ಅದನ್ನು ಬರೆಯಬೇಕಿಲ್ಲ. ಚಿತ್ರ ಹೇಳುವುದನ್ನು ಸಾಲು ಹೇಳಬಾರದು ಎಂದು ನಿಯಮ ಮಾಡಿಕೊಂಡು 39 ಅಕ್ಷರವನ್ನು ಇಳಿಸುತ್ತಾ ಬಂದೆ. ಇಲ್ಲೇ ಈ ಕೆಲಸದ ಅತಿ ದೊಡ್ಡ ತಪ್ಪು ಮಾಡಿದೆ. ಚಿಕ್ಕದಾಗಲಿ ಎಂಬ ಆತುರದಲ್ಲಿ ಕನ್ನಡದಲ್ಲಿ ‘ತುತ್ತು, ಸುಣ್ಣ ನಿಧಾನವಾಗಿ ಸೇರಿಸಿ’ ಎಂದೂ, ಹಿಂದಿಯಲ್ಲಿ ‘ಚೂನಾ ಔರ್ ನೀಲಾ ಥೋಥಾ ಧೀರೇ ಮಿಲಾಏಂ’ ಎಂದೂ ಬರೆದೆ. ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬುದೇ ಹಾರಿಹೋಯಿತು. ಬೋರ್ಡೋ ದ್ರಾವಣದಲ್ಲಿ ಇರುವ ಗುಟ್ಟೇ ಅದು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣವನ್ನು ತುತ್ತಿಗೆ ಸುರಿದರೆ ಮದ್ದು ಗಸಿಗಟ್ಟಿ ತಳಕ್ಕೆ ಇಳಿಯುತ್ತದೆ, ಎಲೆಗೆ ಅಂಟುವುದಿಲ್ಲ. ಹಿಂದಿಯ ಸಾಲನ್ನು ಓದಿದ ಕೆಲಸಗಾರರಲ್ಲಿ ಹಿರಿಯರು ‘ಯಾವುದನ್ನು ಮೊದಲು ಹಾಕಿಕೊಳ್ಳಬೇಕು?’ ಎಂದು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಚಳಿ ಹುಟ್ಟಿತು. ಹಾಗೆಯೇ ಕಳುಹಿಸಿದ್ದರೆ ಎಷ್ಟು ತೋಟದ ಮದ್ದು ಕೆಡುತ್ತಿತ್ತೋ.

ಮತ್ತೆ ಕೂತು ಎರಡು ತುಂಡು ಮಾಡಿದೆ. ಮೊದಲ ತುಂಡಿನಲ್ಲಿ ‘ಅನ್ನು’ ಮತ್ತು ‘ಕ್ಕೆ’ ಎರಡೂ ಪ್ರತ್ಯಯ ಉಳಿಯಲೇಬೇಕು; ವಿಭಕ್ತಿಯನ್ನು ಉಳಿಸಿ ವಿಶೇಷಣವನ್ನು ಬಿಡಬೇಕು.

```
Dialogue: 0,0:02:11.20,0:02:15.80,Hi,,0,0,0,,नीले थोथे का पानी चूने में धीरे-धीरे डालें
Dialogue: 1,0:02:11.20,0:02:15.80,Kn,,0,0,0,,ತುತ್ತಿನ ನೀರನ್ನು ಸುಣ್ಣಕ್ಕೆ ನಿಧಾನವಾಗಿ ಸುರಿಯಿರಿ
Dialogue: 0,0:02:15.90,0:02:18.70,Hi,,0,0,0,,हिलाना मत रोकिए
Dialogue: 1,0:02:15.90,0:02:18.70,Kn,,0,0,0,,ಕಲಕುವುದನ್ನು ನಿಲ್ಲಿಸಬೇಡಿ
```

ಕನ್ನಡ 18 ಮತ್ತು 11 ಅಕ್ಷರ, ಹಿಂದಿ 16 ಮತ್ತು 8. ಒಟ್ಟು ಏಳೂವರೆ ಸೆಕೆಂಡು ಬೇಕು, ಮಾತು ಇರುವುದು 6 ಸೆಕೆಂಡು. ಆದರೆ ದೊಡ್ಡಪ್ಪ ಮಾತು ನಿಲ್ಲಿಸಿದ ಮೇಲೂ ನಾಲ್ಕು ಸೆಕೆಂಡು ಸುಮ್ಮನೆ ಸುರಿಯುತ್ತಿರುತ್ತಾರೆ. ಎರಡನೆಯ ತುಂಡನ್ನು ಆ ಮೌನಕ್ಕೆ ಜಾರಿಸಿದೆ. ಕೆಲಸ ಮಾಡಿ ತೋರಿಸುವ ವಿಡಿಯೊದಲ್ಲಿ ಇಂಥ ಮೌನ ಬೇಕಾದಷ್ಟು ಇರುತ್ತದೆ, ಮಾತಿಗೆ ಸರಿಯಾಗಿ ಸಾಲು ಮುಗಿಯಲೇಬೇಕೆಂಬ ಹಟ ಬೇಡ.

ಮಾತು ಕಡಿಮೆ ಮಾಡಲು ನೆರವಾದ ಇನ್ನೊಂದು ದಾರಿ ಅಂಕಿಗಳದು. ಮೈಲುತುತ್ತು 1 ಕಿಲೊ, ನೀರು 50 ಲೀಟರ್. ಸುಣ್ಣ 1 ಕಿಲೊ, ನೀರು 50 ಲೀಟರ್. ಈ ಅಂಕಿಗಳು ಕನ್ನಡ ಸಾಲಿನಲ್ಲೂ ಇದ್ದವು, ಹಿಂದಿ ಸಾಲಿನಲ್ಲೂ ಇದ್ದವು. ಒಂದೇ ಅಂಕಿಯನ್ನು ಎರಡು ಸಲ ತೋರಿಸುವುದೇಕೆ? ಎರಡೂ ಸಾಲಿನಿಂದ ತೆಗೆದು, ಚಿತ್ರದ ಬಲ ಮೇಲ್ಮೂಲೆಯಲ್ಲಿ ದಪ್ಪಕ್ಷರದಲ್ಲಿ `1 kg + 50 L` ಎಂದು ಒಮ್ಮೆ ಮಾತ್ರ ಇಟ್ಟೆ. ಸುಣ್ಣದ ಚೀಲದ ಮೇಲೂ ಡ್ರಮ್ಮಿನ ಮೇಲೂ ಅಚ್ಚಾಗಿರುವುದು ಅದೇ ರೂಪ. ಎರಡೂ ಗುಂಪಿನವರು ಅದನ್ನು ದಿನವೂ ಓದುತ್ತಾರೆ. ಇದೊಂದರಿಂದಲೇ ಎಂಟು ತುಂಡುಗಳು ಒಂದು ಸಾಲಿಗೆ ಇಳಿದವು. ಕೊನೆಗೆ 74 ತುಂಡು 61 ಆಯಿತು.

ಹಿಂದಿಯ ಪದಗಳ ಬಗ್ಗೆ: ಶಿಕ್ಷಕರು ದ್ರಾವಣಕ್ಕೆ ‘ವಿಲಯನ್’ ಎಂದು ಬರೆದಿದ್ದರು. ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ನಾಲ್ವರಲ್ಲಿ ಮೂವರಿಗೆ ಆ ಪದ ಹೊಸದು. ‘ಘೋಲ್’ ಎಂದಾಗ ಎಲ್ಲರೂ ತಲೆಯಾಡಿಸಿದರು, ಎರಡಕ್ಷರ ಉಳಿಯಿತು ಕೂಡ. ಕನ್ನಡದಲ್ಲೂ ‘ತಾಮ್ರದ ಸಲ್ಫೇಟ್’ ಎಂದು ಎಲ್ಲೂ ಬರೆಯಲಿಲ್ಲ. ಅಂಗಡಿಯಲ್ಲಿ ಕೇಳುವ ಹೆಸರು ಮೈಲುತುತ್ತು, ಒಮ್ಮೆ ಪೂರ್ತಿ ಹೆಸರು ತೋರಿಸಿದ ಮೇಲೆ ತುತ್ತು ಎಂದರೆ ಸಾಕು.

ಮೇ 13: ಒಂದು ಹುಡುಕು–ಬದಲಿಸು ಮಾಡಿದ ಹಾನಿ

ಬೇರೆ ಬೇರೆ ಕಡೆಯಿಂದ ನಕಲು ಮಾಡಿದ ಸಾಲುಗಳಲ್ಲಿ ಕಣ್ಣಿಗೆ ಕಾಣದ ಸಂಕೇತಗಳು ಸೇರಿಕೊಂಡಿವೆ ಎಂದು ಒಂದೇ ಏಟಿಗೆ ಎಲ್ಲವನ್ನೂ ಅಳಿಸಿದೆ. ಅವುಗಳ ಜೊತೆ, ಅರ್ಧಾಕ್ಷರ ಮುಂದಿನದಕ್ಕೆ ಅಂಟದಂತೆ ತಡೆಯುವ U+200C ಕೂಡ ಹೋಯಿತು. ‘ಡ್ರಮ್‌ನಲ್ಲಿ’ ಹೋಗಿ ‘ಡ್ರಮ್ನಲ್ಲಿ’ ಆಯಿತು, ‘ಸ್ಪ್ರೇಯರ್‌ಗೆ’ ಹೋಗಿ ‘ಸ್ಪ್ರೇಯರ್ಗೆ’ ಆಯಿತು. ಹಳೆಯ ಪ್ರತಿ ಇಟ್ಟುಕೊಂಡಿರಲಿಲ್ಲ. 23 ಕಡೆ ಕೈಯಿಂದಲೇ ಮತ್ತೆ ಸೇರಿಸಿದೆ. ಅಂದಿನಿಂದ ದಿನಕ್ಕೊಂದು ಹೆಸರಿನಲ್ಲಿ ಪ್ರತಿ ಉಳಿಸುತ್ತಿದ್ದೇನೆ.

ಮೇ 15: ಚಿತ್ರದಿಂದ ಹೊರಗೆ

ಸಾಲುಗಳು ಚಿಕ್ಕವಾದವು, ಜಾಗ ಸರಿಯಾಯಿತು. ಆದರೂ ಪ್ರತಿ ಭಾಷೆಯ ಒಂದೊಂದು ಸಾಲಿಗೆ, ಕೆಳಗಿನ ಅಂಚೂ ಸೇರಿ, 216 ಪಿಕ್ಸೆಲ್, ಅಂದರೆ ಐದನೇ ಒಂದು ಭಾಗ ಹೋಗುತ್ತಿತ್ತು, ಕತ್ತಿಯ ಅಲಗು ಇನ್ನೂ ಅರ್ಧ ಮುಚ್ಚಿತ್ತು. ಆ ದೃಶ್ಯದಲ್ಲಿ ಮಾತ್ರ ಸಾಲುಗಳನ್ನು ಮೇಲಕ್ಕೆ ಕಳುಹಿಸಿ ನೋಡಿದೆ. ನೋಡಿದವರೆಲ್ಲ ಆ ಕ್ಷಣದಲ್ಲಿ ಸಾಲನ್ನು ಹುಡುಕಿದರು, ಕತ್ತಿಯನ್ನು ನೋಡಲಿಲ್ಲ. ಎರಡು ಭಾಷೆ ಇದ್ದಾಗ ನೋಡುವವನು ತನ್ನದಲ್ಲದ ಸಾಲನ್ನು ಬಿಟ್ಟು ತನ್ನದನ್ನು ಹಿಡಿಯಬೇಕು. ಅವನ ಸಾಲು ಜಾಗ ಬದಲಿಸಲೇಬಾರದು.

ಅಂಗಳದಲ್ಲಿ ಕುಳಿತು ಕೆಲಸಗಾರರು ಫೋನು ನೋಡುವುದನ್ನು ಗಮನಿಸುತ್ತಿದ್ದಾಗ ದಾರಿ ಕಂಡಿತು. ಯಾರೂ ಫೋನನ್ನು ಅಡ್ಡ ಹಿಡಿಯುವುದಿಲ್ಲ. ನೆಟ್ಟಗೆ ಹಿಡಿದ ಫೋನಿನಲ್ಲಿ ಅಡ್ಡ ವಿಡಿಯೊ ನಡುವಿನ ಒಂದು ಪಟ್ಟಿ ಮಾತ್ರ, ಮೇಲೆ ಕೆಳಗೆ ಎಲ್ಲ ಕಪ್ಪು ಖಾಲಿ. ಅಷ್ಟು ಜಾಗ ಬಿದ್ದಿರುವಾಗ ನಾನು ಚಿತ್ರದ ಮೇಲೆ ಅಕ್ಷರ ತುರುಕುತ್ತಿದ್ದೆ.

1080×1080ರ ಚೌಕ ತೆಗೆದುಕೊಂಡೆ. ಚಿತ್ರವನ್ನು 1080×608ಕ್ಕೆ ಇಳಿಸಿ ಮೇಲೆ ಕೂರಿಸಿದೆ. ಕೆಳಗೆ 472 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯಿತು. ಫೋನಿನಲ್ಲಿ ಚಿತ್ರದ ಗಾತ್ರ ಮೊದಲಿನಷ್ಟೇ ಇದೆ, ಏಕೆಂದರೆ ಅಗಲ ಬದಲಾಗಿಲ್ಲ. ಆದರೆ 1080ರ ಅಗಲದಲ್ಲಿ 66ರ ಅಕ್ಷರ 1920ರ ಅಗಲದಲ್ಲಿ 84ರ ಅಕ್ಷರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

```
PlayResX: 1080
PlayResY: 1080
WrapStyle: 2

Format: Name, Fontname, Fontsize, PrimaryColour, Outline, Shadow, Alignment, MarginL, MarginR, MarginV
Style: Hi,Noto Sans Devanagari,58,&H0066D9FF,0,0,7,40,40,640
Style: Kn,Noto Sans Kannada,66,&H00FFFFFF,0,0,7,40,40,800
```

Alignment 7 ಎಂದರೆ ಎಡ ಮೇಲ್ಮೂಲೆಯಿಂದ ಅಳತೆ. ನಡುವಿಗೆ ಹೊಂದಿಸಿದಾಗ ಪ್ರತಿ ಸಾಲೂ ಬೇರೆ ಬೇರೆ ಜಾಗದಲ್ಲಿ ಆರಂಭವಾಗುತ್ತಿತ್ತು. ಎಡಕ್ಕೆ ಹೊಂದಿಸಿದ ಮೇಲೆ ಕಣ್ಣು ಪ್ರತಿ ಸಲವೂ ಒಂದೇ ಬಿಂದುವಿಗೆ ಬಂದು ನಿಲ್ಲುತ್ತದೆ. ಮೇಲಿನಿಂದ ಅಳೆಯುವುದರಿಂದ ಹಿಂದಿ ಎರಡು ಸಾಲಾದರೂ ಕನ್ನಡ ಅಲುಗುವುದಿಲ್ಲ: ಹಿಂದಿ 640ರಿಂದ 756ರವರೆಗೆ, ಕನ್ನಡ 800ರಿಂದ 932ರವರೆಗೆ. ಕಪ್ಪಿನ ಮೇಲೆ ಬರೆಯುವುದರಿಂದ ಅಕ್ಷರದ ಸುತ್ತ ಗೆರೆಯೂ ಬೇಕಿಲ್ಲ. ವಾಟ್ಸ್‌ಆ್ಯಪು ವಿಡಿಯೊವನ್ನು ಹಿಂಡುವಾಗ ಮೊದಲು ಆ ಗೆರೆಯೇ ಕಲಸಿ ಒತ್ತುಗಳ ಕಿಂಡಿ ಮುಚ್ಚುತ್ತಿತ್ತು, ಈಗ ಆ ತೊಂದರೆ ಇಲ್ಲ.

```
ffmpeg -i maddu.mp4 -vf "scale=1080:608,pad=1080:1080:0:0:black,ass=maddu.ass:fontsdir=fonts" -c:v libx264 -crf 23 -preset slow -pix_fmt yuv420p -c:a aac -b:a 96k maddu_chouka.mp4
```

ಹಿಂದಿಯನ್ನು ಚಿತ್ರದ ಮೇಲಿನ ಪಟ್ಟಿಯಲ್ಲಿ, ಕನ್ನಡವನ್ನು ಕೆಳಗಿನ ಪಟ್ಟಿಯಲ್ಲಿ ಇಟ್ಟು ಕೂಡ ನೋಡಿದೆ. ಕಾಗದದ ಮೇಲೆ ಅದೇ ಚೆಂದ, ಯಾರಿಗೂ ಯಾರ ಅಡ್ಡಿಯೂ ಇಲ್ಲ. ಆದರೆ ಕೈಗಳಿರುವುದು ಚಿತ್ರದ ಕೆಳಭಾಗದಲ್ಲಿ. ಹಿಂದಿ ಓದುವವನ ಕಣ್ಣು ಮೇಲಿನ ಪಟ್ಟಿಯಿಂದ ಇಡೀ ಚಿತ್ರ ದಾಟಿ ಕತ್ತಿಗೆ ಇಳಿಯಬೇಕಿತ್ತು. ಕನ್ನಡದವನಿಗೆ ಬೆರಳಗಲದ ದೂರ, ಹಿಂದಿಯವನಿಗೆ ಅಂಗೈಯಷ್ಟು ದೂರ. ಅದು ನ್ಯಾಯವಲ್ಲ ಎನ್ನಿಸಿ ಬಿಟ್ಟೆ. ಈಗಿನ ಜೋಡಣೆಯಲ್ಲಿ ಕೆಲಸಕ್ಕೆ ಹತ್ತಿರದ ಸಾಲು ಹಿಂದಿಯದು, ಮದ್ದು ಕೂಡಿಸುವವರು ಅವರೇ ಆದ್ದರಿಂದ ಅದು ಸರಿ.

ಮೇ 18: ತೋಟದಲ್ಲಿ ಪರೀಕ್ಷೆ

ಮಧ್ಯಾಹ್ನ ಊಟದ ನಂತರ ನಾಲ್ವರಿಗೂ ಅವರವರ ಫೋನಿಗೆ ಕಳುಹಿಸಿ, ಒಬ್ಬೊಬ್ಬರಾಗಿ ನೋಡಲು ಹೇಳಿದೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಆದ್ದರಿಂದ ನೋಡಿದ ಮೇಲೆ ಖಾಲಿ ಡ್ರಮ್ಮಿನ ಮುಂದೆ ನಿಂತು ಮಾಡಿ ತೋರಿಸಲು ಕೇಳಿದೆ. ಮೂವರು ಸುರಿಯುವ ಕ್ರಮವನ್ನು ಸರಿಯಾಗಿ ತೋರಿಸಿದರು, ಕತ್ತಿ ಅದ್ದುವುದನ್ನೂ ಮರೆಯಲಿಲ್ಲ. ನಾಲ್ಕನೆಯವರಿಗೆ ಓದಲು ಬಾರದು. ಐದನೆಯವರೆಗೆ ಓದಿದ ಹುಡುಗ ಪಕ್ಕದಲ್ಲಿ ಕೂತು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ, ಸಾಲುಗಳು ಚಿಕ್ಕವಾಗಿದ್ದುದರಿಂದ ಅವನಿಗೆ ಸಮಯ ಸಾಕಾಯಿತು. ಅವರಿಗಾಗಿ ಹಿಂದಿ ಧ್ವನಿಯ ಪ್ರತಿಯೊಂದನ್ನು ಬೇರೆಯೇ ಮಾಡಬೇಕು, ಸಬ್‌ಟೈಟಲ್ ಎಷ್ಟು ತಿದ್ದಿದರೂ ಅವರನ್ನು ಮುಟ್ಟುವುದಿಲ್ಲ.

ಒಂದು ದೋಷ ಸಿಕ್ಕಿತು. ಮದ್ದನ್ನು ಅಂದೇ ಮುಗಿಸಬೇಕು ಎಂಬ ಸಾಲು ಬರುವಾಗ ದೊಡ್ಡಪ್ಪ ಕ್ಯಾಮೆರಾ ನೋಡಿ ನಗುತ್ತಾರೆ. ಎಲ್ಲರೂ ಅವರ ಮುಖ ನೋಡಿದರು, ಯಾರೂ ಸಾಲು ಓದಲಿಲ್ಲ. ಅದನ್ನು ಎರಡು ಸೆಕೆಂಡು ಮುಂದಕ್ಕೆ, ಅವರು ಡ್ರಮ್ಮಿನ ಕಡೆ ತಿರುಗಿದ ಮೇಲೆ ಬರುವಂತೆ ಸರಿಸಿದೆ.

ದೊಡ್ಡಪ್ಪ ತಾವೇ ಪೂರ್ತಿ ನೋಡಿದರು. ‘ನಾನು ಇಷ್ಟು ಮಾತಾಡಿದ್ದೇನೆ, ನೀನು ಅರ್ಧವೂ ಬರೆದಿಲ್ಲವಲ್ಲ ಮಗಾ’ ಎಂದರು. ಬಿಟ್ಟ ಮಾತುಗಳನ್ನು ಓದಿ ಹೇಳಿದೆ. ಒಂದನ್ನು ಮಾತ್ರ ಮತ್ತೆ ಸೇರಿಸಲು ಹೇಳಿದರು: ತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂಬುದು. ಪ್ಲಾಸ್ಟಿಕ್ ಡ್ರಮ್ಮು ಚಿತ್ರದಲ್ಲಿ ಕಾಣುತ್ತದೆ ಎಂದು ನಾನು ಅದನ್ನು ಬಿಟ್ಟಿದ್ದೆ. ಡ್ರಮ್ಮು ಕಾಣುತ್ತದೆ ನಿಜ, ಬೇರೆಯದು ಆಗದು ಎಂಬುದು ಕಾಣುವುದಿಲ್ಲ. ಅವರ ಮಾತು ಸರಿ, ಸೇರಿಸಿದೆ. 61 ತುಂಡು 62 ಆಯಿತು.

ಮೇ 24: ಈಗ ಎಲ್ಲಿದೆ

ಚೌಕದ ಪ್ರತಿ ಮೇ 19ರಂದೇ ಹೊರಟಿತು. ಒಟ್ಟು ಹಿಡಿದದ್ದು ಸುಮಾರು 34 ಗಂಟೆ, ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಂಟೆ ಮಾತು ಕತ್ತರಿಸುವುದಕ್ಕೇ ಹೋಯಿತು.

ಸಹಕಾರಿ ಸಂಘದ ಸಭೆಯಲ್ಲಿ ದೊಡ್ಡ ಟಿವಿಯಲ್ಲಿ ತೋರಿಸಬೇಕೆಂದು ಕೇಳಿದ್ದಾರೆ. ಚೌಕವನ್ನು ಟಿವಿಗೆ ಹಾಕಿದರೆ ಎರಡೂ ಪಕ್ಕ ಖಾಲಿ, ಚಿತ್ರ ಚಿಕ್ಕದು. ಅದಕ್ಕಾಗಿ 1920×1080ರಲ್ಲೇ ಚಿತ್ರವನ್ನು 1600×900ಕ್ಕೆ ಇಳಿಸಿ ಕೆಳಗೆ 180 ಪಿಕ್ಸೆಲ್ ಪಟ್ಟಿ ಬಿಟ್ಟಿದ್ದೇನೆ. 84 ಮತ್ತು 72ರ ತಲಾ ಒಂದೊಂದು ಸಾಲು, ಒಟ್ಟು 156 ಪಿಕ್ಸೆಲ್, ಅದರಲ್ಲಿ ಹಿಡಿಯುತ್ತದೆ. ಚೌಕದಲ್ಲಿ ಎರಡು ಸಾಲಿದ್ದವುಗಳಲ್ಲಿ ಹೆಚ್ಚಿನವು ಉದ್ದದ ಪಟ್ಟಿಯಲ್ಲಿ ಒಂದೇ ಸಾಲಿಗೆ ಬಂದವು, 40 ಅಕ್ಷರದವರೆಗೆ ಜಾಗ ಇದೆ. ಒಂಬತ್ತು ತುಂಡುಗಳು ಅದಕ್ಕೂ ಮೀರಿ ಉಳಿದಿವೆ. ಅವುಗಳಲ್ಲಿ ಏಳನ್ನು ಎರಡಾಗಿ ಸೀಳಿದೆ. ಉಳಿದ ಎರಡು ಮರ ಹತ್ತಿ ಸಿಂಪಡಿಸುವಾಗ ಗಾಳಿಯ ದಿಕ್ಕು, ಕಣ್ಣಿನ ರಕ್ಷಣೆ ಕುರಿತವು. ಅಲ್ಲಿ ಮಾತು ವೇಗವಾಗಿದೆ, ಹಿಂದೆ ಮುಂದೆ ಮೌನವಿಲ್ಲ, ಬಿಡಬಹುದಾದ ಪದ ಒಂದೂ ಇಲ್ಲ. ನಾಳೆ ಬೆಳಿಗ್ಗೆ ಮಳೆ ಬಾರದಿದ್ದರೆ ದೊಡ್ಡಪ್ಪನನ್ನು ಮತ್ತೆ ಮರದ ಬುಡದಲ್ಲಿ ನಿಲ್ಲಿಸಿ, ಆ ಎರಡು ಮಾತನ್ನು ನಿಧಾನವಾಗಿ ಹೇಳಿಸಿ, ಚೌಕಟ್ಟಿನ ಕೆಳಗೆ ಜಾಗ ಬಿಟ್ಟು ಹೊಸದಾಗಿ ಚಿತ್ರೀಕರಿಸುತ್ತೇನೆ.